ಸ್ಟೆಬಿಲೈಸರೋ, ಪ್ಯಾಕೇಜೋ? ತಡ ಎಲ್ಲಿ ಆಗ್ತದೆ ಅಂತ ನೋಡಿ ಆರಿಸುವುದು

ಕಳೆದ ಫೆಬ್ರವರಿಯಲ್ಲಿ ಉಡುಪಿಗೆ ಭಾವನ ಮನೆಗೆ ಹೋಗಿದ್ದೆ. ಅವರದ್ದು ಕ್ಯಾಟರಿಂಗ್. ಮದುವೆ, ಗೃಹಪ್ರವೇಶ, ಕಂಪನಿಗಳ ಊಟ, ಎಲ್ಲ ಮಾಡುತ್ತಾರೆ. ನವೆಂಬರ್‌ನಿಂದ ಆರ್ಡರ್ ಕಡಿಮೆ ಆಗಿತ್ತು. ಊಟ ಮುಗಿಸಿ ಜಗುಲಿಯಲ್ಲಿ ಕೂತಾಗ ಹೇಳಿದರು, "ಸರ್ಕಾರ ನಮ್ಮಂಥವರಿಗೆ ಎಂತದಾದ್ರೂ ಒಂದು ಪ್ಯಾಕೇಜ್ ಕೊಡ್ಬೇಕಿತ್ತು ಮಾರಾಯ."

ನಾನು ಮಂಗಳೂರಲ್ಲಿ ಬಿಕಾಂ ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವವನು. ಬಾಯಿ ಸುಮ್ಮನೆ ಇರುವುದಿಲ್ಲ. "ಭಾವ, ನಿಮಗೆ ಆಗ್ಲೇ ಒಂದೂವರೆ ಲಕ್ಷದ ಮೇಲೆ ಸಿಕ್ಕಿದೆ" ಅಂದೆ. ಅವರು ಎಲೆ ಅಡಿಕೆ ಬಾಯಿಗಿಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಎಲ್ಲಿ? ಯಾವ ಅಕೌಂಟಿಗೆ?"

ಅವರ ಪ್ರಶ್ನೆ ಸರಿಯೇ. ಅದಕ್ಕೆ ಉತ್ತರ ಕೊಡಲು ಹೋಗಿ ಇಷ್ಟು ಉದ್ದ ಬರೆಯಬೇಕಾಯಿತು. ವ್ಯಾಪಾರ ಇಳಿದಾಗ ಸರ್ಕಾರ ಎರಡು ರೀತಿಯಲ್ಲಿ ಕೈ ಹಿಡಿಯಬಹುದು. ಒಂದು, ಯಾರೂ ಏನೂ ತೀರ್ಮಾನ ಮಾಡದೆ ಇದ್ದರೂ ತನ್ನಷ್ಟಕ್ಕೆ ಕೆಲಸ ಮಾಡುವ ವ್ಯವಸ್ಥೆ. ಇದಕ್ಕೆ ಪುಸ್ತಕದಲ್ಲಿ ಆಟೋಮ್ಯಾಟಿಕ್ ಸ್ಟೆಬಿಲೈಸರ್ ಅಂತ ಹೆಸರು. ಇನ್ನೊಂದು, ಮಂತ್ರಿಗಳು ಕೂತು ತೀರ್ಮಾನಿಸಿ ತೆರಿಗೆ ಇಳಿಸುವುದು ಅಥವಾ ಖರ್ಚು ಏರಿಸುವುದು. ಇದು ವಿವೇಚನೆಯ ನೀತಿ. ಜನರ ಬಾಯಲ್ಲಿ ಪ್ಯಾಕೇಜ್.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆ ಕುಣಿಯುತ್ತದೆ ಅಂತ ಗೊತ್ತಲ್ವಾ. ಫ್ರಿಜ್ ಪಕ್ಕದ ಸ್ಟೆಬಿಲೈಸರ್ ರಾತ್ರಿ ಎರಡು ಗಂಟೆಗೂ 'ಟಕ್' ಅಂದು ತನ್ನ ಕೆಲಸ ಮಾಡುತ್ತದೆ, ನಾವು ನಿದ್ದೆಯಲ್ಲಿರುತ್ತೇವೆ. ಲೈನ್‌ಮ್ಯಾನ್ ಬರಬೇಕಾದರೆ ಮೊದಲು ನಮಗೆ ಎಚ್ಚರ ಆಗಬೇಕು, ಫೋನ್ ಮಾಡಬೇಕು, ಅವರು ಎತ್ತಬೇಕು, ಬರಬೇಕು, ಕಂಬ ಹತ್ತಬೇಕು. ಆದರೆ ಕಂಬವೇ ಮುರಿದು ಬಿದ್ದಿದ್ದರೆ ಸ್ಟೆಬಿಲೈಸರ್ ಎಷ್ಟು ಒಳ್ಳೆ ಕಂಪನಿಯದ್ದಾದರೂ ಪ್ರಯೋಜನ ಇಲ್ಲ. ಈ ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ, ಜಾಸ್ತಿ ಎಳೆದರೆ ಹರಿಯುತ್ತದೆ.

ಮೊದಲು ಭಾವನ ಲೆಕ್ಕ

2025-26ರ ವರ್ಷಕ್ಕೆ ಭಾವ ಅಂದಾಜು ಮಾಡಿದ್ದ ಲಾಭ 18 ಲಕ್ಷ. ಅವರು ಲೆಕ್ಕದ ಪುಸ್ತಕ ಸರಿಯಾಗಿ ಇಟ್ಟವರು, ವಹಿವಾಟಿನ ಇಂತಿಷ್ಟು ಪಾಲನ್ನೇ ಲಾಭ ಅಂತ ಹಿಡಿಯುವ ಸ್ಕೀಮಿನಲ್ಲಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ 5, ಆಮೇಲಿನ 4 ಲಕ್ಷಕ್ಕೆ ಶೇ 10, ನಂತರದ 4 ಲಕ್ಷಕ್ಕೆ ಶೇ 15, ಉಳಿದ 2 ಲಕ್ಷಕ್ಕೆ ಶೇ 20. ಕೂಡಿಸಿದರೆ 1,60,000. ಅದರ ಮೇಲೆ ಶೇ 4 ಸೆಸ್ ಸೇರಿ 1,66,400 ರೂಪಾಯಿ. ಕೈಯಲ್ಲಿ ಉಳಿಯುವುದು 16,33,600.

ಆರ್ಡರ್ ಇಳಿದು ಲಾಭ 12 ಲಕ್ಷಕ್ಕೆ ಬಂತು ಅಂತಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇದೆ, ತೆರಿಗೆ ಸೊನ್ನೆ. ಲಾಭ ಇಳಿದದ್ದು 6 ಲಕ್ಷ. ಆದರೆ ಕೈಗೆ ಬರುವ ಹಣ ಇಳಿದದ್ದು 4,33,600 ಮಾತ್ರ. ಉಳಿದ 1,66,400 ರೂಪಾಯಿ ಪೆಟ್ಟನ್ನು ಖಜಾನೆ ತಿಂದಿತು. ಅಂದರೆ ಇಳಿಕೆಯ ಶೇ 28ರ ಹತ್ತಿರ. ಯಾರೂ ಮೀಟಿಂಗ್ ಮಾಡಲಿಲ್ಲ, ಅರ್ಜಿ ಇಲ್ಲ, ಪತ್ರಿಕೆಯಲ್ಲಿ ಫೋಟೋ ಇಲ್ಲ. ಅದಕ್ಕೇ ಭಾವನ ಕಣ್ಣಿಗೂ ಅದು ಬೀಳಲಿಲ್ಲ.

ಇಲ್ಲಿ ಕೆಲಸ ಮಾಡಿದ್ದು ತೆರಿಗೆ ಇದೆ ಅನ್ನುವ ವಿಷಯಕ್ಕಿಂತ, ಆದಾಯ ಏರಿದ ಹಾಗೆ ದರವೂ ಏರುತ್ತದೆ ಅನ್ನುವುದು. 18 ಲಕ್ಷಕ್ಕೆ 1,66,400 ಅಂದರೆ ಸರಾಸರಿ ಶೇ 9.2 ಚಿಲ್ಲರೆ. ಎಲ್ಲ ಆದಾಯಕ್ಕೂ ಒಂದೇ ದರ ಅಂತ ಅಷ್ಟೇ ಇದ್ದಿದ್ದರೆ, 6 ಲಕ್ಷ ಇಳಿದಾಗ ಉಳಿಯುತ್ತಿದ್ದ ತೆರಿಗೆ ಸುಮಾರು 55 ಸಾವಿರ. ಏರುಮುಖದ ದರ ಮತ್ತು 12 ಲಕ್ಷದ ರಿಯಾಯಿತಿ ಇದ್ದುದರಿಂದ ಅದರ ಮೂರು ಪಟ್ಟು ಉಳಿಯಿತು. ಮುಂದಿನ ವರ್ಷ ಆರ್ಡರ್ ವಾಪಸ್ ಬಂದು ಲಾಭ ಮತ್ತೆ 18 ಆದರೆ ಅದೇ 1,66,400ನ್ನು ಖಜಾನೆ ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಈ ಹಿಂದಕ್ಕೆ ಹೋಗುವ ಗುಣವನ್ನು ನೆನಪಿಡಿ. ಪ್ಯಾಕೇಜಿನ ದೊಡ್ಡ ತಲೆನೋವು ಅಲ್ಲೇ ಇರುವುದು.

ಒಬ್ಬರ ವ್ಯಾಪಾರ ಇಳಿದರೆ ಅದು ಹಿಂಜರಿತ ಅಲ್ಲ, ಒಪ್ಪುತ್ತೇನೆ. ಆದರೆ ಲಕ್ಷಾಂತರ ಮಂದಿಯ ಲಾಭ ಒಟ್ಟಿಗೆ ಇಳಿದಾಗಲೂ ಓಡುವುದು ಇದೇ ಯಂತ್ರ.

ಆದರೆ ಸ್ಟೆಬಿಲೈಸರಿಗೂ ಸ್ವಲ್ಪ ತಡ ಇದೆ. ಪಾಠದ ಪುಸ್ತಕಗಳು ಇದನ್ನು ಹೇಳುವುದು ಕಡಿಮೆ. ಅಡ್ವಾನ್ಸ್ ಟ್ಯಾಕ್ಸ್ ನಾಲ್ಕು ಕಂತು: ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ರ ಒಳಗೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. ಭಾವ 18 ಲಕ್ಷದ ಅಂದಾಜಿನಲ್ಲಿ ಸೆಪ್ಟೆಂಬರ್ ತನಕ 74,880 ಕಟ್ಟಿ ಆಗಿತ್ತು. ನವೆಂಬರ್‌ನಲ್ಲಿ ಆರ್ಡರ್ ಇಳಿದ ಮೇಲೆ ಡಿಸೆಂಬರ್, ಮಾರ್ಚ್ ಕಂತು ಕಟ್ಟಲಿಲ್ಲ. ಆ 91,520 ರೂಪಾಯಿ ಬೇಕಾದ ಹೊತ್ತಿಗೇ ಕೈಯಲ್ಲಿ ಉಳಿಯಿತು. ಮೊದಲೇ ಕಟ್ಟಿದ 74,880 ಮಾತ್ರ ರಿಟರ್ನ್ ಹಾಕಿ ರೀಫಂಡ್ ಬರುವ ತನಕ ಅಲ್ಲೇ. ಅಂದರೆ ಅರ್ಧಕ್ಕಿಂತ ಜಾಸ್ತಿ ಸಮಯಕ್ಕೆ ಸಿಕ್ಕಿತು, ಉಳಿದದ್ದು ತಿಂಗಳುಗಟ್ಟಲೆ ತಡ. ಇಳಿಕೆ ವರ್ಷದ ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದರ ಮೇಲೆ ಇದು ನಿಂತಿದೆ.

ಆದರೆ ಬಡಿಸುವ ಹುಡುಗರಿಗೆ ಏನು ಸಿಕ್ಕಿತು?

ಏನೂ ಸಿಗಲಿಲ್ಲ. ಭಾವನ ಜೊತೆ ಬಡಿಸಲು ಬರುವ ಹುಡುಗರಿಗೆ ದಿನಗೂಲಿ. ಆರ್ಡರ್ ಇಲ್ಲದ ದಿನ ಸಂಬಳ ಇಲ್ಲ. ಅವರು ಆದಾಯ ತೆರಿಗೆ ಕಟ್ಟುವವರೇ ಅಲ್ಲ, ಕಟ್ಟದ ತೆರಿಗೆಯಲ್ಲಿ ಉಳಿಯುವುದು ಎಂತದ್ದು?

ನಮ್ಮ ದೇಶದ ಸ್ಟೆಬಿಲೈಸರ್ ತೆಳ್ಳಗಿರುವುದು ಇಲ್ಲಿ. ಯುರೋಪು, ಅಮೆರಿಕದಲ್ಲಿ ಕೆಲಸ ಹೋದ ವಾರವೇ ನಿರುದ್ಯೋಗ ವಿಮೆಗೆ ಅರ್ಜಿ ಹಾಕಬಹುದು, ಹಣ ಕಾನೂನಿನ ಪ್ರಕಾರ ಬರುತ್ತದೆ. 2012ರಲ್ಲಿ ಪ್ರಕಟವಾದ ಒಂದು ಹೆಸರುವಾಸಿ ಲೆಕ್ಕದಲ್ಲಿ, ಎಲ್ಲರ ಆದಾಯ ಒಂದೇ ಪ್ರಮಾಣದಲ್ಲಿ ಇಳಿದರೆ ಅದರ ಶೇ 38ನ್ನು ಯುರೋಪಿಯನ್ ಒಕ್ಕೂಟದಲ್ಲಿ ತೆರಿಗೆ ಮತ್ತು ಭತ್ಯೆಗಳೇ ಹೀರಿಕೊಳ್ಳುತ್ತವೆ, ಅಮೆರಿಕದಲ್ಲಿ ಶೇ 32ನ್ನು. ನಮ್ಮಲ್ಲಿ ಇಎಸ್ಐ ಇರುವ ಕಾರ್ಮಿಕರಿಗೆ ಮಾತ್ರ 2018ರ ಜುಲೈಯಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಬಂತು. ಕೆಲಸ ಹೋದರೆ ಸರಾಸರಿ ದಿನದ ಸಂಬಳದ ಕಾಲು ಭಾಗ, 90 ದಿನದವರೆಗೆ. 2020ರಲ್ಲಿ ಅದನ್ನು ಅರ್ಧ ಮಾಡಿದರು. ಗೇರುಬೀಜದ ಫ್ಯಾಕ್ಟರಿಯಲ್ಲಿ ಇಎಸ್ಐ ಕಾರ್ಡ್ ಇರುವವರಿಗೆ ಇದು ದಕ್ಕಬಹುದು. ಮದುವೆ ಹಾಲಿನಲ್ಲಿ ಸಾಂಬಾರ್ ಬಕೆಟ್ ಹಿಡಿದ ಹುಡುಗನಿಗೆ ದಕ್ಕುವುದಿಲ್ಲ.

ಹಳ್ಳಿಗೆ ಬಂದರೆ ನಮ್ಮಲ್ಲಿ ಇದ್ದ ನಿಜವಾದ ಸ್ಟೆಬಿಲೈಸರ್ ಅಂದರೆ 2005ರ ಉದ್ಯೋಗ ಖಾತ್ರಿ ಕಾಯ್ದೆ. ಕೆಲಸ ಕೇಳಿದರೆ 15 ದಿನದಲ್ಲಿ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ, ವರ್ಷಕ್ಕೆ ಒಂದು ಮನೆಗೆ 100 ದಿನ. ಬೇರೆ ಕಡೆ ಒಳ್ಳೆ ಕೂಲಿ ಸಿಕ್ಕರೆ ಜನ ಬರುವುದಿಲ್ಲ, ಖರ್ಚು ತಾನಾಗಿ ಇಳಿಯುತ್ತದೆ. ಕೂಲಿ ಇಲ್ಲದಾಗ ಸಾಲು ಉದ್ದ, ಖರ್ಚು ತಾನಾಗಿ ಏರುತ್ತದೆ. ಚೆಂದದ ವಿನ್ಯಾಸ. 2020-21ರ ಬಜೆಟ್‌ನಲ್ಲಿ ಇದಕ್ಕೆ ಇಟ್ಟದ್ದು 61,500 ಕೋಟಿ. ಲಾಕ್‌ಡೌನ್ ಆಗಿ ಜನ ಊರಿಗೆ ವಾಪಸಾದ ಮೇಲೆ ಆ ಹಣ ಸಾಲದು ಅಂತಾಯಿತು, ಮೇ 17ರಂದು ಇನ್ನೂ 40,000 ಕೋಟಿ ಘೋಷಿಸಬೇಕಾಯಿತು. ಹಕ್ಕು ಆಟೋಮ್ಯಾಟಿಕ್, ಹಣ ಮಾತ್ರ ತೀರ್ಮಾನದ್ದು. ಇದು ನಮ್ಮ ದೇಶದ ವಿಶೇಷ ತಳಿ.

2025ರ ಡಿಸೆಂಬರ್‌ನಲ್ಲಿ ಇದರ ಜಾಗಕ್ಕೆ ಹೊಸ ಕಾನೂನು ಬಂತು. ದಿನಗಳು 100ರಿಂದ 125 ಆದವು. ಆದರೆ ಪ್ರತಿ ರಾಜ್ಯಕ್ಕೂ ಇಂತಿಷ್ಟು ಅಂತ ಮೊದಲೇ ಗೊತ್ತು ಮಾಡಿದ ಹಣ, ಅದಕ್ಕಿಂತ ಜಾಸ್ತಿ ಆದರೆ ರಾಜ್ಯವೇ ಭರಿಸಬೇಕು. ದಿನಗಳ ಬಗ್ಗೆ ಎಲ್ಲರೂ ಮಾತಾಡಿದರು. ನನ್ನ ಕಣ್ಣು ಹೋದದ್ದು ಆ ಮಿತಿಯ ಮೇಲೆ. ಬೇಡಿಕೆ ಏರಿದಾಗ ಹಣ ತಾನಾಗಿ ಏರದಿದ್ದರೆ ಅದನ್ನು ಒಳ್ಳೆಯ ಯೋಜನೆ ಅನ್ನಬಹುದು, ಸ್ಟೆಬಿಲೈಸರ್ ಅನ್ನುವುದು ಕಷ್ಟ.

ಪ್ಯಾಕೇಜಿನ ನಾಲ್ಕು ತಡ, 2008ರ ಕ್ಯಾಲೆಂಡರ್ ಹಿಡಿದು

ಪ್ಯಾಕೇಜಿಗೆ ನಾಲ್ಕು ಕಡೆ ತಡ ಆಗುತ್ತದೆ. ತೊಂದರೆ ಇದೆ ಅಂತ ಗೊತ್ತಾಗಲು ತಡ, ಏನು ಮಾಡಬೇಕು ಅಂತ ತೀರ್ಮಾನಿಸಲು ತಡ, ತೀರ್ಮಾನ ಜಾರಿ ಆಗಲು ತಡ, ಜಾರಿ ಆದದ್ದು ಜನರ ಖರ್ಚಿನಲ್ಲಿ ಕಾಣಿಸಲು ತಡ. ಹೀಗೆ ಪಟ್ಟಿ ಮಾಡಿ ಪರೀಕ್ಷೆಯಲ್ಲಿ ಬರೆದರೆ ಐದು ಮಾರ್ಕು ಸಿಗುತ್ತದೆ. ಆದರೆ ದಿನಾಂಕ ಹಾಕಿ ನೋಡಿದಾಗಲೇ ಇದು ಅರ್ಥ ಆಗುವುದು.

ಗೊತ್ತಾಗುವ ತಡ ಎಷ್ಟು ಕೆಟ್ಟದ್ದು ಅನ್ನಲು ಅಮೆರಿಕದ ಒಂದು ಉದಾಹರಣೆ ಸಾಕು. ಅಲ್ಲಿ ಹಿಂಜರಿತ ಶುರುವಾದದ್ದು 2007ರ ಡಿಸೆಂಬರ್‌ನಲ್ಲಿ. ಅದನ್ನು ಅಧಿಕೃತವಾಗಿ ಗುರುತಿಸುವ ಸಮಿತಿ ಹಾಗಂತ ಹೇಳಿದ್ದು 2008ರ ಡಿಸೆಂಬರ್ 1ರಂದು. ಪೂರ್ತಿ ಒಂದು ವರ್ಷ. ತೋಟದಲ್ಲಿ ಅಡಿಕೆ ಉದುರಿದ ಮೇಲೆ ಕೊಳೆರೋಗ ಅಂತ ಗೊತ್ತಾದ ಹಾಗೆ. ಬೋರ್ಡೋ ಹೊಡೆಯಬೇಕಾದದ್ದು ಮಳೆ ಹಿಡಿಯುವ ಮೊದಲು.

ಭಾರತದಲ್ಲಿ ಆಗ ಏನಾಯಿತು ನೋಡಿ. ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿದ್ದು 2008ರ ಸೆಪ್ಟೆಂಬರ್ 15ಕ್ಕೆ. ಜುಲೈನಿಂದ ಸೆಪ್ಟೆಂಬರ್ ತನಕದ ಜಿಡಿಪಿ ಅಂಕಿ ಬರುವುದು ನವೆಂಬರ್ ಕೊನೆಗೆ. ಒಂದು ತಿಂಗಳ ಕೈಗಾರಿಕಾ ಉತ್ಪಾದನೆಯ ಅಂಕಿ ಆಗ ಹೊರಬೀಳುತ್ತಿದ್ದದ್ದು ಸುಮಾರು ಆರು ವಾರ ತಡವಾಗಿ. ಅಂಕಿಗಾಗಿ ಕಾಯುತ್ತಾ ಕೂತಿದ್ದರೆ ವರ್ಷ ಮುಗಿಯುತ್ತಿತ್ತು. ಸರ್ಕಾರ ಕಾಯಲಿಲ್ಲ. ಡಿಸೆಂಬರ್ 7, ಭಾನುವಾರ, ತಯಾರಾದ ಸರಕಿನ ಮೇಲಿನ ಎಕ್ಸೈಸ್ ಸುಂಕವನ್ನು ಒಟ್ಟಾರೆ 4 ಅಂಶ ಇಳಿಸಿದರು. ಸಾಮಾನ್ಯ ದರ ಶೇ 14 ಇದ್ದದ್ದು ಶೇ 10 ಆಯಿತು. 2009ರ ಜನವರಿ 2ಕ್ಕೆ ಎರಡನೇ ಪ್ಯಾಕೇಜ್. ಫೆಬ್ರವರಿ 24ಕ್ಕೆ ಇನ್ನೂ 2 ಅಂಶ ಕಡಿತ, ಶೇ 8. ಅದೇ ದಿನ ಸೇವಾ ತೆರಿಗೆ ಶೇ 12ರಿಂದ 10ಕ್ಕೆ.

ಲೇಮನ್‌ನಿಂದ ಮೊದಲ ಕಡಿತಕ್ಕೆ 83 ದಿನ. ಪ್ಯಾಕೇಜಿನ ಲೋಕದಲ್ಲಿ ಇದು ಮಿಂಚಿನ ವೇಗ. ಕಾರಣ ಬಹಳ ಸರಳ: ಎಕ್ಸೈಸ್ ದರ ಇಳಿಸಲು ಆಗ ಒಂದು ಅಧಿಸೂಚನೆ ಸಾಕಿತ್ತು. ಸಂಸತ್ತು ಕೂರಬೇಕಿರಲಿಲ್ಲ, ರಾಜ್ಯಗಳನ್ನು ಕೇಳಬೇಕಿರಲಿಲ್ಲ. ಅದೃಷ್ಟವೂ ಇತ್ತು. 2008ರ ಫೆಬ್ರವರಿಯಲ್ಲೇ ರೈತರ ಸಾಲ ಮನ್ನಾ ಘೋಷಣೆ ಆಗಿತ್ತು, ಆರನೇ ವೇತನ ಆಯೋಗದ ಬಾಕಿ ಹಣವೂ ಆಗಲೇ ಹೊರಗೆ ಬರುತ್ತಿತ್ತು. ಇವೆರಡನ್ನೂ ಮಾಡಿದ್ದು ಹಿಂಜರಿತಕ್ಕೆ ಅಂತ ಅಲ್ಲ. ಹೊತ್ತಿಗೆ ಸರಿಯಾಗಿ ಒದಗಿದವು, ಅಷ್ಟೆ.

ಈಗ ಕಥೆಯ ಇನ್ನೊಂದು ತುದಿ. 2009-10ರಲ್ಲಿ ಬೆಳವಣಿಗೆ ಶೇ 8ರ ಆಸುಪಾಸಿಗೆ ವಾಪಸ್ ಬಂತು. ಹಾಗಾದರೆ ಇಳಿಸಿದ ಸುಂಕ ಏರಬೇಕಿತ್ತಲ್ವಾ? 2010ರ ಬಜೆಟ್‌ನಲ್ಲಿ 8 ಇದ್ದದ್ದು 10 ಆಯಿತು. 10 ಇದ್ದದ್ದು 12 ಆಗಲು 2012ರ ಬಜೆಟ್ ಬರಬೇಕಾಯಿತು, ಸೇವಾ ತೆರಿಗೆ 12ಕ್ಕೆ ವಾಪಸ್ ಹೋದದ್ದೂ ಆಗಲೇ. ಮಧ್ಯದಲ್ಲಿ, 2010ರಲ್ಲಿ, ಸಗಟು ಹಣದುಬ್ಬರ ಶೇ 10 ದಾಟಿತ್ತು. 2008-09ಕ್ಕೆ ಜಿಡಿಪಿಯ ಶೇ 2.5 ಅಂತ ಬಜೆಟ್‌ನಲ್ಲಿ ಹೇಳಿದ್ದ ವಿತ್ತೀಯ ಕೊರತೆ ಆ ವರ್ಷ ಶೇ 6ರ ಹತ್ತಿರ ಹೋಗಿ, ಮರುವರ್ಷ ಇನ್ನೂ ಏರಿತು.

ಒಳಗೆ ಬರಲು 83 ದಿನ, ಹೊರಗೆ ಹೋಗಲು ಮೂರು ವರ್ಷ. ಪುಸ್ತಕದ ನಾಲ್ಕು ತಡಗಳಲ್ಲಿ ಈ ಐದನೆಯದಕ್ಕೆ ಹೆಸರೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಭಾರತದಲ್ಲಿ ಎಲ್ಲಕ್ಕಿಂತ ದುಬಾರಿ ತಡ ಇದೇ. ಇಳಿಸುವಾಗ ಚಪ್ಪಾಳೆ, ಏರಿಸುವಾಗ ಬೈಗುಳ, ಯಾವ ಮಂತ್ರಿಗೆ ಬೇಕು ಹೇಳಿ. ಭಾವನ 1,66,400 ಹಿಂದಕ್ಕೆ ಹೋಗಲು ಯಾವ ಮಂತ್ರಿಯೂ ಬೈಗುಳ ತಿನ್ನಬೇಕಾಗಿಲ್ಲ.

ಅದೇ ಅಸ್ತ್ರ ಈಗ ಅಷ್ಟು ಬೇಗ ಓಡುವುದಿಲ್ಲ

ಎಕ್ಸೈಸ್ ಹೋಗಿ ಜಿಎಸ್‌ಟಿ ಬಂದ ಮೇಲೆ ತೀರ್ಮಾನದ ತಡ ಉದ್ದ ಆಯಿತು. ದರ ಇಳಿಸಲು ಕೌನ್ಸಿಲ್ ಸೇರಬೇಕು. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳದ್ದು ಮೂರನೇ ಎರಡು, ತೀರ್ಮಾನಕ್ಕೆ ನಾಲ್ಕನೇ ಮೂರು ಬೇಕು. ಒಂದು ಭಾನುವಾರ ಅಧಿಸೂಚನೆ ಹೊರಡಿಸಿ ಮುಗಿಸುವ ಕಾಲ ಹೋಯಿತು.

2025ರಲ್ಲಿ ಇದರ ವಿಚಿತ್ರ ಮುಖ ಒಂದನ್ನು ಇಲ್ಲೇ ಕಂಡೆ. ಆಗಸ್ಟ್ 15ರ ಭಾಷಣದಲ್ಲಿ ದೀಪಾವಳಿಗೆ ಜಿಎಸ್‌ಟಿ ಇಳಿಯುತ್ತದೆ ಅಂದರು. ಕೌನ್ಸಿಲ್ ಒಪ್ಪಿದ್ದು ಸೆಪ್ಟೆಂಬರ್ 3ಕ್ಕೆ. ಹೊಸ ದರ ಜಾರಿಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ. ಭಾಷಣದಿಂದ ಜಾರಿಗೆ 38 ದಿನ. ಸಣ್ಣ ಕಾರಿಗೆ, 350 ಸಿಸಿ ತನಕದ ಬೈಕಿಗೆ ಶೇ 28 ಇದ್ದದ್ದು 18 ಆಗುತ್ತದೆ ಅಂತ ಗೊತ್ತಾದ ಮೇಲೆ ಯಾವ ಬುದ್ಧಿವಂತ ಆ ನಡುವೆ ಗಾಡಿ ತೆಗೆದುಕೊಳ್ಳುತ್ತಾನೆ? ನಾನೂ ಒಂದು ಸ್ಕೂಟರ್ ನೋಡಲು ಹೋಗಿದ್ದೆ. ಶೋರೂಮಿನ ಹುಡುಗ ತಾನೇ ಹೇಳಿದ, "ಸರ್, ಅರ್ಜೆಂಟ್ ಇಲ್ಲದಿದ್ರೆ 22 ಆಗ್ಲಿ." ಚೌತಿ ಹಬ್ಬದ ವಾರದಲ್ಲೂ ಅಲ್ಲಿ ನೊಣ ಹೊಡೆಯುತ್ತಿದ್ದರು. ಬೇಡಿಕೆ ಏರಿಸಬೇಕಾದ ಸುದ್ದಿ ಐದು ವಾರ ಬೇಡಿಕೆಯನ್ನು ಇಳಿಸಿತು. ಆಮೇಲೆ ಬುಕಿಂಗ್ ಧಡಕ್ಕನೆ ಬಂತು ನಿಜ. ಅದರಲ್ಲಿ ಒಂದು ಪಾಲು ಆಗಸ್ಟ್‌ನಲ್ಲಿ ಕಾದವರದ್ದೇ.

ಹಾಗಾಗಿ ತೆರಿಗೆ ಕಡಿತವನ್ನು ಆರಿಸುವುದಾದರೆ ಹೇಳಿದ ದಿನವೇ ಜಾರಿ ಆಗಬೇಕು. ಆಗದಿದ್ದರೆ ಆ ಅಸ್ತ್ರ ಬೇಡ, ಬೇರೆ ನೋಡಿ.

ಬೇಗ ಜಾರಿ ಆದ ಮಾತ್ರಕ್ಕೆ ಬೇಗ ಕೆಲಸ ಮಾಡುತ್ತದೆ ಅಂತಲೂ ಇಲ್ಲ. 2019ರ ಸೆಪ್ಟೆಂಬರ್ 20ರಂದು ಕಂಪನಿ ತೆರಿಗೆಯ ಮೂಲ ದರ ಶೇ 30ರಿಂದ 22ಕ್ಕೆ ಇಳಿಯಿತು, ಸುಗ್ರೀವಾಜ್ಞೆ ಅದೇ ದಿನ. ಖಜಾನೆಗೆ ಅಂದಾಜು 1.45 ಲಕ್ಷ ಕೋಟಿ ಕಡಿಮೆ. ಷೇರುಪೇಟೆ ಅಂದೇ ಕುಣಿಯಿತು. ಆದರೆ ಕಂಪನಿಗೆ ಉಳಿದ ಹಣ ಹೊಸ ಕಾರ್ಖಾನೆಯಾಗಿ, ಅಲ್ಲಿ ಜನರಿಗೆ ಸಂಬಳವಾಗಿ ಹೊರಬರಲು ವರ್ಷಗಳೇ ಬೇಕು. ಅದರೊಳಗೆ ಕೋವಿಡ್ ಬಂತು.

ರಸ್ತೆ, ಸೇತುವೆ ಕಟ್ಟಿಸಿ ಅನ್ನುವವರಿಗೆ

ಕಾಮಗಾರಿಗೆ ಒಂದು ದೊಡ್ಡ ಗುಣ ಇದೆ. ಕೊಟ್ಟ ರೂಪಾಯಿ ಯಾರ ಉಳಿತಾಯ ಖಾತೆಯಲ್ಲೂ ಮಲಗುವುದಿಲ್ಲ, ಜಲ್ಲಿ, ಸಿಮೆಂಟು, ಕೂಲಿ ಅಂತ ನೇರವಾಗಿ ಖರ್ಚಾಗುತ್ತದೆ. ಆದರೆ ಜಾರಿಯ ತಡ ಎಲ್ಲಕ್ಕಿಂತ ಉದ್ದ. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಭೂಸ್ವಾಧೀನ, ಕಂಬ ಮತ್ತು ಪೈಪು ಸ್ಥಳಾಂತರ, ಇದೆಲ್ಲ ಆದ ಮೇಲೆ ಮೊದಲ ಬಿಲ್ಲು.

ನಮ್ಮ ಕಡೆ ಇದಕ್ಕೆ ಮಳೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಡಾಂಬರು ಕೆಲಸ ಆಗುವುದಿಲ್ಲ. ಏಪ್ರಿಲ್ ಕೊನೆಗೆ ಮಂಜೂರಾದ ಹಣ ಟೆಂಡರ್ ಮುಗಿಸುವಾಗ ಮಳೆ ಶುರು, ಕೆಲಸ ಹಿಡಿಯುವಾಗ ಅಕ್ಟೋಬರ್. ಹಿಂಜರಿತಕ್ಕೆ ಅಂತ ಕೊಟ್ಟ ಹಣ ಐದು ತಿಂಗಳು ಬರೀ ಮೋಡ ನೋಡುತ್ತಾ ಕೂತಿತು. ಮಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಂಪ್‌ವೆಲ್ ಫ್ಲೈಓವರ್ ಅಂದರೆ ಸಾಕು, ಎಲ್ಲರೂ ನಗುತ್ತಾರೆ. ವರ್ಷಗಟ್ಟಲೆ ಕಾದು 2020ರ ಜನವರಿ 31ಕ್ಕೆ ಓಡಾಟಕ್ಕೆ ತೆರೆಯಿತು, ಎರಡು ತಿಂಗಳಲ್ಲಿ ಲಾಕ್‌ಡೌನ್ ಆಗಿ ಓಡಾಟವೇ ನಿಂತಿತು.

ಕಾಮಗಾರಿಯನ್ನು ಆರಿಸಬೇಕಾದರೆ ನಾನು ನೋಡುವುದು ಒಂದೇ ವಿಷಯ. ಹೊಸದಾಗಿ ಶುರು ಮಾಡುವುದೋ ಅಥವಾ ಟೆಂಡರ್ ಮುಗಿದು ಹಣವಿಲ್ಲದೆ ನಿಂತದ್ದೋ. ಎರಡನೆಯದಾದರೆ ಸರಿ, ವಾರಗಳಲ್ಲಿ ಹಣ ಓಡುತ್ತದೆ. ಗುತ್ತಿಗೆದಾರರ ಬಾಕಿ ಬಿಲ್ಲು ಪಾವತಿಸುವುದು ಇದರಲ್ಲೂ ಬೇಗದ್ದು. ಅದಕ್ಕೆ ಉದ್ಘಾಟನೆ ಮಾಡಲಿಕ್ಕೆ ಬರುವುದಿಲ್ಲ, ಹಾಗಾಗಿ ಯಾರಿಗೂ ಇಷ್ಟ ಇಲ್ಲ.

ಹಾಗಾದರೆ ಯಾವುದು, ಯಾವಾಗ?

ಇಳಿಕೆ ಸಣ್ಣದು, ಎರಡು ಮೂರು ತ್ರೈಮಾಸಿಕದಲ್ಲಿ ಸರಿಹೋಗುವಂಥದ್ದು ಅಂತ ಅನ್ನಿಸಿದರೆ ಸ್ಟೆಬಿಲೈಸರನ್ನು ಅದರ ಪಾಡಿಗೆ ಬಿಡಿ. ಪ್ಯಾಕೇಜ್ ತಯಾರಾಗುವಷ್ಟರಲ್ಲಿ ಆರ್ಥಿಕತೆ ತಾನೇ ಎದ್ದಿರುತ್ತದೆ, ನಿಮ್ಮ ಹಣ ಬೆಂಕಿಗೆ ತುಪ್ಪ ಆಗುತ್ತದೆ. ಅಮೆರಿಕದಲ್ಲಿ 1975ರ ತೆರಿಗೆ ರಿಯಾಯಿತಿಗೆ ಸಹಿ ಬಿದ್ದದ್ದು ಮಾರ್ಚ್ ಕೊನೆಗೆ. ಹಿಂಜರಿತ ಮುಗಿದದ್ದೂ ಅದೇ ಮಾರ್ಚ್.

ಆದರೆ 'ಅದರ ಪಾಡಿಗೆ ಬಿಡಿ' ಅನ್ನುವುದು ಸುಲಭ ಅಲ್ಲ. ಇಳಿಕೆಯಲ್ಲಿ ಸರ್ಕಾರದ ಆದಾಯ ಬೀಳುತ್ತದೆ, ಕೊರತೆ ಏರುತ್ತದೆ. ಆ ಏರಿಕೆಯೇ ಸ್ಟೆಬಿಲೈಸರ್. ಅದನ್ನು ನೋಡಿ ಹೆದರಿ ಖರ್ಚು ಕಡಿದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಸಿದ ಹಾಗೆ. ರಾಜ್ಯಗಳಲ್ಲಿ ಇದು ಆಗುತ್ತಲೇ ಇರುತ್ತದೆ. ರಾಜ್ಯದ ಕೊರತೆ ಜಿಎಸ್‌ಡಿಪಿಯ, ಅಂದರೆ ರಾಜ್ಯದ ಒಟ್ಟು ಉತ್ಪನ್ನದ, ಶೇ 3 ದಾಟಬಾರದು ಅಂತ ಕಾನೂನು, ಕರ್ನಾಟಕದಲ್ಲಿ 2002ರಿಂದ. ಆದಾಯ ಬಿದ್ದ ವರ್ಷ ಸಂಬಳ, ಪಿಂಚಣಿ, ಬಡ್ಡಿ ಕಡಿಯಲು ಆಗುವುದಿಲ್ಲ, ಕತ್ತರಿ ಬೀಳುವುದು ಕಾಮಗಾರಿಗೆ. ಕೆಟ್ಟ ವರ್ಷದಲ್ಲೇ ರಸ್ತೆ ಕೆಲಸ ನಿಲ್ಲುವುದು ಹೀಗೆ. 2020ರ ಮೇ ತಿಂಗಳಲ್ಲಿ ಕೇಂದ್ರ ಈ ಸಾಲದ ಮಿತಿಯನ್ನು ಶೇ 5ಕ್ಕೆ ಏರಿಸಿತು, ಅದರಲ್ಲೂ ಒಂದಷ್ಟು ಪಾಲಿಗೆ ಶರತ್ತು. ಯಾವ ಸರ್ಕಾರದ ಸ್ಟೆಬಿಲೈಸರ್ ಓಡುತ್ತಿದೆ ಅಂತ ತಿಳಿಯಬೇಕಾದರೆ ಬಜೆಟ್ ಭಾಷಣ ಕೇಳಬೇಡಿ. ಆದಾಯ ಇಳಿದ ವರ್ಷ ಬಂಡವಾಳ ವೆಚ್ಚದ ಪರಿಷ್ಕೃತ ಅಂದಾಜು ಎಷ್ಟು ಇಳಿಯಿತು ನೋಡಿ.

ಇಳಿಕೆ ದೊಡ್ಡದು, ಆದಾಯದ ಮೂಲವೇ ನಿಂತಿದೆ ಅಂದರೆ ಪ್ಯಾಕೇಜ್ ಬೇಕೇ ಬೇಕು, ತಡ ಆದರೂ. 2020ರ ಏಪ್ರಿಲ್‌ನಲ್ಲಿ ಭಾವನ ಆದಾಯ ಸೊನ್ನೆ. ಸೊನ್ನೆಗೆ ತೆರಿಗೆ ರಿಯಾಯಿತಿ ಕೊಟ್ಟು ಏನು ಪ್ರಯೋಜನ? ಇಂಥ ಹೊತ್ತಿಗೆ ಈಗಾಗಲೇ ಇರುವ ಕೊಳವೆಯಲ್ಲಿ ಹಣ ಬಿಡುವುದು ಬೇಗ: ಉದ್ಯೋಗ ಖಾತ್ರಿ, ಪಡಿತರ, ಜನ್‌ಧನ್ ಖಾತೆ. ಹೊಸ ಯೋಜನೆಗೆ ಹೊಸ ಅರ್ಜಿ, ಹೊಸ ಪೋರ್ಟಲ್ ಅಂದ ಕೂಡಲೇ ಎರಡು ತಿಂಗಳು ಸೇರಿಸಿ.

ಇವೆರಡರ ನಡುವೆ ಮೂರನೆಯದೊಂದಿದೆ. ತೀರ್ಮಾನವನ್ನು ಒಳ್ಳೆಯ ದಿನಗಳಲ್ಲೇ ಮಾಡಿ ಕಾನೂನಿನಲ್ಲಿ ಬರೆದಿಡುವುದು, ಅಂಕಿ ಇಂತಿಷ್ಟು ದಾಟಿದರೆ ಹಣ ತಾನಾಗಿ ಹೊರಡುತ್ತದೆ, ಇಳಿದರೆ ನಿಲ್ಲುತ್ತದೆ ಅಂತ. ಅಮೆರಿಕದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಸಾಹ್ಮ್ 2019ರಲ್ಲಿ ಹೇಳಿದ್ದು ಇದನ್ನೇ: ನಿರುದ್ಯೋಗದ ಮೂರು ತಿಂಗಳ ಸರಾಸರಿ ಹಿಂದಿನ ಹನ್ನೆರಡು ತಿಂಗಳ ಕನಿಷ್ಠಕ್ಕಿಂತ ಅರ್ಧ ಅಂಶ ಏರಿದರೆ ಜನರಿಗೆ ನೇರ ಹಣ. ನನಗೆ ಇದು ಬಹಳ ಇಷ್ಟ, ಒಳಗೆ ಬರುವ ತಡವೂ ಹೊರಗೆ ಹೋಗುವ ತಡವೂ ಇದರಲ್ಲಿ ಕಡಿಮೆ. ನಮ್ಮಲ್ಲಿ ಇದುವರೆಗೆ ಅದನ್ನು ಯೋಚಿಸುವುದೇ ಕಷ್ಟವಿತ್ತು. ಇಡೀ ದೇಶದ ನಿರುದ್ಯೋಗದ ಅಧಿಕೃತ ಅಂಕಿ ತಿಂಗಳು ತಿಂಗಳು ಬರಲು ಶುರುವಾದದ್ದೇ 2025ರಲ್ಲಿ, ಅದಕ್ಕೆ ಮೊದಲು ಹಳ್ಳಿಯದ್ದು ವರ್ಷಕ್ಕೊಮ್ಮೆ. ಇನ್ನೂ ಕೆಲವು ವರ್ಷ ಅಂಕಿ ಕೂಡಿದ ಮೇಲೆ ಯಾವ ಗೆರೆ ಹಾಕಬಹುದು ಅಂತ ನೋಡಬೇಕು. ನಮ್ಮ ಜನ ಪೂರ್ತಿ ಕೆಲಸ ಬಿಟ್ಟು ಕೂರುವುದಿಲ್ಲ, ಸಿಕ್ಕಿದ್ದನ್ನು ಕಡಿಮೆ ಕೂಲಿಗೆ ಮಾಡುತ್ತಾರೆ. ನಿರುದ್ಯೋಗದ ಅಂಕಿ ಅದನ್ನು ಹಿಡಿಯುವುದಿಲ್ಲ. ಹಳ್ಳಿಯ ಕೂಲಿ ದರವನ್ನೋ, ಕೆಲಸ ಕೇಳಿ ಬಂದ ಮನೆಗಳ ಸಂಖ್ಯೆಯನ್ನೋ ಗೆರೆ ಮಾಡಿದರೆ ಇನ್ನೂ ಚೆನ್ನ ಅಂತ ನನ್ನ ಅನಿಸಿಕೆ.

ಭಾವನಿಗೆ ಇಷ್ಟೆಲ್ಲ ಹೇಳಲಿಲ್ಲ, ಅರ್ಧಕ್ಕೇ ತೂಕಡಿಸುತ್ತಿದ್ದರು. ಮೊನ್ನೆ ಫೋನ್ ಮಾಡಿ ಕೇಳಿದ್ದು ಒಂದೇ, ಆ 74,880 ಯಾವಾಗ ಬರ್ತದೆ ಅಂತ. ರಿಟರ್ನ್ ಹಾಕಿ ಅಂದೆ. ಬಡಿಸುವ ಹುಡುಗರಲ್ಲಿ ಇಬ್ಬರು ಈಗ ಅವರ ಹತ್ತಿರ ಇಲ್ಲವಂತೆ. ಮಲ್ಪೆ ಬಂದರಿನಲ್ಲಿ ಐಸ್ ಹೊರಲು ಹೋಗುತ್ತಿದ್ದಾರೆ. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ, ಅಲ್ಲೂ ಬೋಟುಗಳು ದಡಕ್ಕೆ.